ಡೇಟಾ ಹುದ್ದೆಯ ಜಾಹೀರಾತಿನಲ್ಲಿ ಮೊದಲು ಕ್ರಿಯಾಪದ ಹುಡುಕಿ

ಪ್ರಶ್ನೆ: ಬಿಸಿಎ ಮುಗಿಸಿ ಎರಡು ವರ್ಷದಿಂದ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಎಕ್ಸೆಲ್ ವರದಿ ಮಾಡ್ತಾ ಇದ್ದೀನಿ. ಎಸ್‌ಕ್ಯೂಎಲ್ ಬರುತ್ತೆ, ಪೈಥಾನ್ ಅಷ್ಟಿಷ್ಟು. ಡೇಟಾ ಅನಲಿಸ್ಟ್, ಡೇಟಾ ಸೈಂಟಿಸ್ಟ್, ಮಷಿನ್ ಲರ್ನಿಂಗ್ ಎಂಜಿನಿಯರ್ ಅಂತ ಜಾಹೀರಾತು ಬರ್ತಾವೆ. ಓದಿದರೆ ಮೂರರಲ್ಲೂ ಅದೇ ಪೈಥಾನ್, ಅದೇ ಎಸ್‌ಕ್ಯೂಎಲ್. ಯಾವುದರ ಬೆನ್ನು ಹತ್ತಲಿ ಸರ್?
— ಓದುಗರು, ಮುಧೋಳ

ಉತ್ತರ: ಉಪಕರಣಗಳ ಪಟ್ಟಿಯನ್ನು ಕೊನೆಗೆ ಓದಿ. ಪೈಥಾನ್ ಮೂವರಿಗೂ ಬೇಕು, ಆದ್ದರಿಂದ ಅದು ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಕೆಲಸ ಮುಗಿದ ಮೇಲೆ ಆ ಹುದ್ದೆಯವರು ಯಾರ ಕೈಗೆ ಏನು ಕೊಡುತ್ತಾರೆ ಎಂಬುದನ್ನು ಹುಡುಕಿ. ನಿಮ್ಮ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳು ಕಾಯುವ ಯಾರ್ಡನ್ನೇ ತೆಗೆದುಕೊಂಡು ನೋಡೋಣ.

ಕಡಿದ ಕಬ್ಬು ಕಾದಷ್ಟೂ ತೂಕ, ಸಕ್ಕರೆ ಅಂಶ ಎರಡೂ ಇಳಿಯುತ್ತವೆ. ಹೋದ ಹಂಗಾಮಿನಲ್ಲಿ ಯಾವ ಕಡೆಯ ಗಾಡಿಗಳು ಹೆಚ್ಚು ಹೊತ್ತು ನಿಂತವು ಎಂದು ಕೇಳಿದರೆ ಅದು ಅನಲಿಸ್ಟ್ ಕೆಲಸ. ಗೇಟಿನ ಸಮಯ ಮತ್ತು ವೇಬ್ರಿಡ್ಜಿನ ಸಮಯ ಜೋಡಿಸಬೇಕು. ಒಂದೇ ಊರಿನ ಹೆಸರನ್ನು ಮೂರು ರೀತಿ ಬರೆದಿರುವುದನ್ನು ಸರಿಪಡಿಸಬೇಕು. ‘ಕಾದದ್ದು’ ಎಂದರೆ ಕಡಿದ ಹೊತ್ತಿನಿಂದಲೋ ಗೇಟಿನಿಂದಲೋ ಎಂದು ಮೊದಲೇ ತೀರ್ಮಾನಿಸಬೇಕು. ಕೊನೆಗೆ ಸಿಗುವುದು ಕಬ್ಬು ಅಧಿಕಾರಿಯ ಮೇಜಿನ ಮೇಲೆ ಒಂದು ಪುಟ. ಅದನ್ನು ನೋಡಿ ಅವರು ಕಟಾವಿನ ಸರದಿ ಬದಲಿಸುತ್ತಾರೆ.

ನಾಳೆ ಎಷ್ಟು ಟನ್ ಕಬ್ಬು ಬರುತ್ತದೆ ಎಂದು ಕೇಳಿದರೆ ಸೈಂಟಿಸ್ಟ್ ಕೆಲಸ ಶುರು. ಇಲ್ಲಿ ಹಳೆಯ ಡೇಟಾದಿಂದ ಕಲಿತು ಊಹಿಸುವ ಮಾಡೆಲ್ ಕಟ್ಟುವುದಕ್ಕಿಂತ ಅದನ್ನು ನಂಬಬಹುದೇ ಎಂದು ತೋರಿಸುವುದೇ ಹೆಚ್ಚು ಕಷ್ಟ. ‘ನಾಳೆಯೂ ಇವತ್ತಿನಷ್ಟೇ’ ಎಂಬ ಸೀದಾ ಊಹೆ ಸರಾಸರಿ 400 ಟನ್ ತಪ್ಪುತ್ತದೆ, ನಿಮ್ಮ ಮಾಡೆಲ್ 380 ಟನ್ ತಪ್ಪುತ್ತದೆ ಎಂದುಕೊಳ್ಳಿ. ಆ 20 ಟನ್ ಶ್ರಮಕ್ಕೆ ತಕ್ಕುದಲ್ಲ ಎಂದು ಹೇಳುವುದೂ ಈ ಹುದ್ದೆಯ ಕೆಲಸವೇ. ಹೊಸಬರು ಜಾರುವ ಜಾಗ ಇನ್ನೊಂದಿದೆ: ದಿನಗಳನ್ನು ಹಿಂದುಮುಂದಾಗಿ ಕಲಸಿ, ಅರ್ಧದಿಂದ ಮಾಡೆಲ್‌ಗೆ ಕಲಿಸಿ, ಉಳಿದ ಅರ್ಧದಲ್ಲಿ ಪರೀಕ್ಷಿಸುತ್ತಾರೆ. ಆಗ ಮಾಡೆಲ್ ಬುಧವಾರವನ್ನು ಊಹಿಸುವ ಮೊದಲೇ ಗುರುವಾರವನ್ನು ನೋಡಿರುತ್ತದೆ, ಫಲಿತಾಂಶ ಸುಳ್ಳೇ ಚಂದ ಕಾಣುತ್ತದೆ. ಹಿಂದಿನ ಹಂಗಾಮುಗಳಿಂದ ಕಲಿಸಿ, ನಂತರದ ಹಂಗಾಮಿನಲ್ಲಿ ಪರೀಕ್ಷಿಸಬೇಕು.

ಅದೇ ಅಂದಾಜು ದಿನಾ ಬೆಳಗ್ಗೆ 5ಕ್ಕೆ ಯಾರೂ ಮುಟ್ಟದೆ ತಾನೇ ಬರಬೇಕೆಂದರೆ ಮಷಿನ್ ಲರ್ನಿಂಗ್ ಎಂಜಿನಿಯರ್ ಬೇಕು. ಒಂದು ದಿನ ಗೇಟಿನ ಡೇಟಾ ಬರಲಿಲ್ಲ, ಇನ್ನೊಂದು ದಿನ ಯಾರೋ ಕಾಲಮ್ಮಿನ ಹೆಸರು ಬದಲಿಸಿದರು. ಆಗ ತಪ್ಪು ಸಂಖ್ಯೆ ಸದ್ದಿಲ್ಲದೆ ಹೊರಗೆ ಹೋಗಬಾರದು, ಎಚ್ಚರಿಕೆ ಬರಬೇಕು, ಹಳೆಯ ಆವೃತ್ತಿಗೆ ಮರಳಲು ದಾರಿ ಇರಬೇಕು. ಇದು ಬಹುಮಟ್ಟಿಗೆ ಸಾಫ್ಟ್‌ವೇರ್ ಕೆಲಸ: ಗಿಟ್, ಟೆಸ್ಟ್, ಡಾಕರ್, ಎಪಿಐ.

ಈಗ ಜಾಹೀರಾತು ಹಿಡಿಯಿರಿ. ಮೇಲೆ ‘ಡೇಟಾ ಸೈಂಟಿಸ್ಟ್’ ಎಂದಿದೆ. ಕೆಳಗೆ ಪವರ್ ಬಿಐನಲ್ಲಿ ಡ್ಯಾಶ್‌ಬೋರ್ಡ್ ಮಾಡುವುದು, ಪ್ರತಿ ತಿಂಗಳ ವರದಿ ಕೊಡುವುದು, ಮ್ಯಾನೇಜರುಗಳಿಗೆ ವಿವರಿಸುವುದು. ಕೊನೆಯ ಸಾಲಿನಲ್ಲಿ ‘ಮಷಿನ್ ಲರ್ನಿಂಗ್ ಗೊತ್ತಿದ್ದರೆ ಒಳ್ಳೆಯದು’. ಇದು ಅನಲಿಸ್ಟ್ ಹುದ್ದೆಯೇ, ಧೈರ್ಯವಾಗಿ ಅರ್ಜಿ ಹಾಕಿ. ಊಹಿಸು, ಪ್ರಯೋಗ ರೂಪಿಸು, ಪರೀಕ್ಷಿಸು ಎಂಬ ಕ್ರಿಯಾಪದಗಳು ಹೆಚ್ಚಿದ್ದರೆ ಸೈಂಟಿಸ್ಟ್. ಡಿಪ್ಲಾಯ್ ಮಾಡು, ಮಾನಿಟರ್ ಮಾಡು, ಸರ್ವರ್ ಭಾರ ತಾಳುವಂತೆ ಮಾಡು ಎಂದಿದ್ದರೆ ಎಂಜಿನಿಯರ್, ಮೇಲೆ ಏನೇ ಬರೆದಿರಲಿ.

ಕೆಲವು ಜಾಹೀರಾತಿನಲ್ಲಿ ಮೂರೂ ಬೆರೆತಿರುತ್ತವೆ. ಅದು ಮೋಸವೇ ಆಗಬೇಕಿಲ್ಲ, ಸಣ್ಣ ಕಂಪನಿಯಲ್ಲಿ ಒಬ್ಬರೇ ಎಲ್ಲ ಮಾಡುತ್ತಾರೆ. ಎಚ್‌ಆರ್ ಫೋನ್ ಮಾಡಿದಾಗ ಎರಡು ಮಾತು ಕೇಳಿ: ‘ಈ ತಂಡದವರು ಇತ್ತೀಚೆಗೆ ಮುಗಿಸಿದ ಒಂದು ಕೆಲಸ ಯಾವುದು? ಅದನ್ನು ಯಾರು ಬಳಸುತ್ತಿದ್ದಾರೆ?’ ಎಚ್‌ಆರ್‌ಗೆ ಗೊತ್ತಿಲ್ಲದಿದ್ದರೆ ತಂಡದವರ ಜೊತೆ ಮಾತನಾಡುವ ಸುತ್ತಿನಲ್ಲಿ ಮತ್ತೆ ಕೇಳಿ. ಸೈಂಟಿಸ್ಟ್ ಹುದ್ದೆಗೆ ಕರೆದು, ‘ಡೇಟಾ ಇನ್ನೂ ಒಂದು ಕಡೆ ಸೇರಿಸಿಲ್ಲ’ ಎಂದರೆ ಮೊದಲ ಎಷ್ಟೋ ತಿಂಗಳು ಸೇರಿಸುವುದರಲ್ಲೇ ಹೋಗುತ್ತದೆ. ಅದು ಗೊತ್ತಿದ್ದು ಒಪ್ಪಿಕೊಳ್ಳುವುದು ಬೇರೆ.

ನಿಮ್ಮ ವಿಷಯಕ್ಕೆ ಬಂದರೆ, ಈಗ ಅನಲಿಸ್ಟ್ ಹುದ್ದೆಗಳನ್ನೇ ಹಿಡಿಯಿರಿ. ಎರಡು ವರ್ಷದಿಂದ ಅದರ ಅರ್ಧ ಕೆಲಸ ಮಾಡುತ್ತಲೇ ಇದ್ದೀರಿ. ಕೋಡ್ ಬರೆಯುವುದೇ ಇಷ್ಟವಾದರೆ ಬಿಸಿಎ ಓದಿದವರಿಗೆ ಮುಂದೆ ಎಂಜಿನಿಯರ್ ದಾರಿ ಹತ್ತಿರ. ಸೈಂಟಿಸ್ಟ್ ಆಗಲು ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಓದಬೇಕು, ಹಲವು ಕಡೆ ಸ್ನಾತಕೋತ್ತರ ಪದವಿಯನ್ನೂ ಕೇಳುತ್ತಾರೆ.

ಯಾರ್ಡಿನಲ್ಲಿ ಕಾದ ಹೊತ್ತಿನ ಲೆಕ್ಕವನ್ನೇ ಒಂದು ಮಾದರಿ ಕೆಲಸವಾಗಿ ತಯಾರಿಸಿ, ಸಂದರ್ಶನದಲ್ಲಿ ತೋರಿಸಿ. ಆದರೆ ರೈತರ ಹೆಸರು, ಬ್ಯಾಂಕ್ ಖಾತೆ ಇರುವ ಕಾರ್ಖಾನೆಯ ಫೈಲನ್ನು ಹೊರಗೆ ತರಬೇಡಿ. ಅದೇ ಕಾಲಮ್ಮುಗಳಿಗೆ ನೀವೇ ಕಲ್ಪಿಸಿದ ಇನ್ನೂರು ಸಾಲು ತುಂಬಿ, ಅದು ಕಲ್ಪಿತ ಡೇಟಾ ಎಂದು ಮೇಲೆಯೇ ಬರೆದಿಡಿ.