ಮುಖ ಬದಲಾವಣೆಗೆ ನನ್ನ ಫೋಟೋ ಬಳಕೆಯಾಗದಂತೆ ತಡೆಯುವುದು ಹೇಗೆ?

ಪ್ರಶ್ನೆ: ಎಲ್ಲರಿಗೂ ಕಾಣುವಂತೆ ಹಾಕಿರುವ ನನ್ನ ಫೋಟೋಗಳನ್ನು ಯಾರಾದರೂ ಮುಖ ಬದಲಾವಣೆಗೆ, ಅಂದರೆ ನನ್ನ ಮುಖವನ್ನು ಬೇರೊಬ್ಬರ ಚಿತ್ರ ಅಥವಾ ವೀಡಿಯೊದಲ್ಲಿ ಕೂರಿಸಲು, ಬಳಸುವ ಸಾಧ್ಯತೆಯನ್ನು ಕಡಿಮೆ ಮಾಡುವುದು ಹೇಗೆ?

ಉತ್ತರ: ಪೂರ್ಣವಾಗಿ ತಡೆಯಲಾಗದು, ಆದರೆ ನೇರವಾಗಿ ಕ್ಯಾಮೆರಾ ನೋಡುತ್ತಿರುವ, ಸಮನಾದ ಬೆಳಕಿನ ಸ್ಪಷ್ಟ ಮುಖಗಳು ಅಪರಿಚಿತರಿಗೆ ಸಿಗದಂತೆ ಮಾಡುವುದೇ ಹೆಚ್ಚು ಫಲ ಕೊಡುತ್ತದೆ. ಇಂದಿನ ಹಲವು ಉಪಕರಣಗಳಿಗೆ ಅಂತಹ ಒಂದೇ ಚಿತ್ರ ಸಾಕು.

ಫೋಟೋವನ್ನು ಚಿಕ್ಕದಾಗಿಸಿದರೆ ಸಾಕೆಂಬ ನಂಬಿಕೆ ಸರಿಯಲ್ಲ. 1200 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಮುಖ 360 ಪಿಕ್ಸೆಲ್ ಇದ್ದರೆ, ಚಿತ್ರವನ್ನು 400ಕ್ಕೆ ಇಳಿಸಿದಾಗಲೂ ಮುಖ 120 ಪಿಕ್ಸೆಲ್ ಉಳಿಯುತ್ತದೆ. ಮುಖವನ್ನು ಗುರುತಿಸುವ ಸಾಮಾನ್ಯ ಎಐ ಮಾದರಿಗಳು ಕೆಲಸ ಮಾಡುವುದೇ ಸುಮಾರು 112 ಪಿಕ್ಸೆಲ್‌ನಲ್ಲಿ. ಮೂಲೆಯ ವಾಟರ್‌ಮಾರ್ಕ್ ಕೂಡ ಉಪಯೋಗಕ್ಕೆ ಬಾರದು, ಏಕೆಂದರೆ ಉಪಕರಣವು ಮುಖವನ್ನಷ್ಟೇ ಕತ್ತರಿಸಿಕೊಳ್ಳುತ್ತದೆ. ಆದ್ದರಿಂದ ಸಾರ್ವಜನಿಕ ಫೋಟೋಗೆ ದೂರದಿಂದ ತೆಗೆದ, ಮುಖ ಚೆನ್ನಾಗಿ ಪಕ್ಕಕ್ಕೆ ತಿರುಗಿರುವ ಅಥವಾ ತಂಪು ಕನ್ನಡಕ ಧರಿಸಿರುವ ಚಿತ್ರವನ್ನು ಆರಿಸಿಕೊಳ್ಳಿ.

ಬಹಳಷ್ಟು ಜನ ಮರೆಯುವುದು ಹಳೆಯ ಪ್ರೊಫೈಲ್ ಚಿತ್ರಗಳನ್ನು. ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಲಾಗಿನ್ ಆಗದೆ ನಿಮ್ಮ ಹೆಸರನ್ನು ಹುಡುಕಿ, ಕಾಣುವ ಪ್ರತಿಯೊಂದು ಮುಖವನ್ನೂ ಗುರುತು ಹಾಕಿಕೊಳ್ಳಿ. ಫೇಸ್‌ಬುಕ್‌ನಲ್ಲಿ ಹಳೆಯ ಪ್ರೊಫೈಲ್ ಚಿತ್ರಗಳನ್ನು ಯಾರು ನೋಡಬಹುದೆಂಬುದನ್ನು ಒಂದೊಂದು ಚಿತ್ರಕ್ಕೂ ಬೇರೆಯಾಗಿ ಬದಲಾಯಿಸಬೇಕು. ಸ್ನೇಹಿತರು ಹಾಕಿದ ಫೋಟೋದಿಂದ ಟ್ಯಾಗ್ ತೆಗೆದರೂ ಚಿತ್ರ ಅಲ್ಲೇ ಉಳಿಯುವುದರಿಂದ, ಅದನ್ನು ಅಳಿಸುವಂತೆ ಅವರನ್ನೇ ಕೇಳಬೇಕಾಗುತ್ತದೆ. ಈಗಾಗಲೇ ಯಾರಾದರೂ ಇಳಿಸಿಕೊಂಡಿರುವ ಪ್ರತಿಗಳ ಮೇಲೆ ಇವುಗಳಿಂದ ಯಾವ ಪರಿಣಾಮವೂ ಆಗದು.