ಆ್ಯಪ್ ಹೇಳುವ ಅಂಡೋತ್ಸರ್ಗದ ದಿನ ಎಷ್ಟು ಸರಿ?

ನನ್ನ ಮುಟ್ಟು ಒಮ್ಮೆ 28 ದಿನಕ್ಕೆ, ಒಮ್ಮೆ 40 ದಿನಕ್ಕೆ ಬರುತ್ತದೆ. ಆ್ಯಪ್ ತೋರಿಸುವ ಅಂಡೋತ್ಸರ್ಗದ ದಿನವನ್ನು ನಂಬಬಹುದೇ?

ಬರೀ ಮುಟ್ಟಿನ ದಿನಾಂಕ ಕೇಳುವ ಆ್ಯಪ್ ಆದರೆ ನಂಬಬೇಡಿ. ಅಂಥವು ಸಾಮಾನ್ಯವಾಗಿ ಹಿಂದಿನ ಚಕ್ರಗಳ ಸರಾಸರಿಯಿಂದ ಮುಂದಿನ ಮುಟ್ಟನ್ನು ಊಹಿಸಿ, ಅಲ್ಲಿಂದ ಸುಮಾರು 14 ದಿನ ಹಿಂದಕ್ಕೆ ಎಣಿಸುತ್ತವೆ. ಅಂಡ ಬಿಡುಗಡೆಯಾದ ನಂತರದ ಅವಧಿ ಅಷ್ಟಾಗಿ ಬದಲಾಗದು. ಏರುಪೇರೆಲ್ಲ ಹೆಚ್ಚಾಗಿ ಅದಕ್ಕೂ ಮುಂಚಿನ ದಿನಗಳಲ್ಲಿ. ನಿಮ್ಮ ಸರಾಸರಿ 34 ಎಂದುಕೊಂಡರೆ ಆ್ಯಪ್ 20ನೇ ದಿನ ತೋರಿಸುತ್ತದೆ. ನಿಜವಾದ ದಿನ 14 ಆಗಿರಬಹುದು, 26 ಕೂಡ.

ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ, ಔಷಧಿ ಅಂಗಡಿಯ ಎಲ್‌ಎಚ್ ಪಟ್ಟಿಯಲ್ಲಿ, ಅಂದರೆ ಅಂಡ ಬಿಡುಗಡೆಗೆ ಮುನ್ನ ಏರುವ ಹಾರ್ಮೋನನ್ನು ತೋರಿಸುವ ಪಟ್ಟಿಯಲ್ಲಿ, 10ನೇ ದಿನದಿಂದ ಮೂತ್ರ ಪರೀಕ್ಷಿಸಿ. ಪರೀಕ್ಷಾ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅಂಡ ಬಿಡುಗಡೆಯಾಗುತ್ತದೆ. ಪಿಸಿಒಎಸ್ ಎಂಬ ಹಾರ್ಮೋನ್ ತೊಂದರೆ ಇದ್ದವರಲ್ಲಿ ಎಲ್‌ಎಚ್ ಸದಾ ಹೆಚ್ಚಿರಬಹುದಾದ್ದರಿಂದ ಪಟ್ಟಿಯೂ ತಪ್ಪು ಹೇಳೀತು. ಅವರಿಗೆ ಸ್ಕ್ಯಾನ್ ಉತ್ತಮ. ಗರ್ಭ ತಡೆಯಲು ಇಂಥ ಆ್ಯಪ್ ಬೇಡವೇ ಬೇಡ.