ಮಗುವಿಲ್ಲದೆ ಎದೆಹಾಲು: ಮೊದಲು ಗ್ಯಾಸ್ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ

"ನನಗೆ 29. ಮಗು ಇಲ್ಲ. ಮೂರು ತಿಂಗಳಿಂದ ಮುಟ್ಟಾಗಿಲ್ಲ, ಒತ್ತಿದರೆ ಎರಡೂ ಎದೆಯಿಂದ ಹಾಲು ಬರುತ್ತೆ. ಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ 94 ಬಂದಿದೆ. ಎಂಆರ್‌ಐ ಮಾಡಿಸಲಾ, ಇಲ್ಲ ಅದನ್ನು ಇಳಿಸುವ ಕ್ಯಾಬರ್ಗೊಲಿನ್ ಶುರು ಮಾಡಲಾ?"

ಈ ಎರಡರಲ್ಲೇ ಒಂದನ್ನು ಆರಿಸಬೇಕು ಅಂತ ಯಾರು ಹೇಳಿದ್ದು? ಹೊಟ್ಟೆಯುಬ್ಬರಕ್ಕೆ, ಹುಳಿತೇಗಿಗೆ ಏನಾದರೂ ನುಂಗುತ್ತಿದ್ದೀರಾ? ನನಗೆ 118 ಬಂದಿದ್ದಾಗ "ಬೇರೆ ಔಷಧಿ ಏನಾದರೂ?" ಎಂದು ಡಾಕ್ಟರು ಕೇಳಿದ್ದರು. ಇಲ್ಲ ಅಂದುಬಿಟ್ಟೆ. ಸುಳ್ಳು ಹೇಳಿದ್ದಲ್ಲ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುತ್ತಿದ್ದ ಗ್ಯಾಸ್ ಮಾತ್ರೆ ನನ್ನ ಲೆಕ್ಕದಲ್ಲಿ ಔಷಧಿಯೇ ಆಗಿರಲಿಲ್ಲ. ಬರೆದುಕೊಟ್ಟಿದ್ದು ಹದಿನೈದು ದಿನಕ್ಕೆ, ನಾನು ಅಂಗಡಿಯಿಂದ ತಂದು ತಂದು ನುಂಗಿದ್ದು ಏಳು ತಿಂಗಳು. ಸ್ಟ್ರಿಪ್ಪಿನ ಮುಂದೆ ದೊಡ್ಡಕ್ಷರದಲ್ಲಿ ಕಂಪನಿ ಇಟ್ಟ ಹೆಸರು. ಹಿಂದೆ ಸಣ್ಣಕ್ಷರದಲ್ಲಿ ರಾಬೆಪ್ರಜೋಲ್ 20 ಮಿ.ಗ್ರಾಂ, ಅದರ ಕೆಳಗೆ ಲೆವೊಸಲ್ಪಿರೈಡ್ 75 ಮಿ.ಗ್ರಾಂ. ಹಾಲು ಬರಿಸಿದ್ದು ಆ ಎರಡನೆಯದು. ಕೆಲವು ಮಾತ್ರೆಗಳಲ್ಲಿ ಅದರ ಜಾಗದಲ್ಲಿ ಡೊಂಪೆರಿಡೋನ್ ಇರುತ್ತದೆ, ಕೆಲಸ ಅದೇ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಉಳಿದ ಹಾರ್ಮೋನುಗಳಿಗೆ ಮುಖ್ಯವಾಗಿ ಮೇಲಿನಿಂದ "ಬಿಡು" ಎಂಬ ಆಜ್ಞೆ ಬರಬೇಕು. ಪ್ರೊಲ್ಯಾಕ್ಟಿನ್ನಿನದು ಉಲ್ಟಾ. ಅದು ತಾನಾಗಿಯೇ ಸುರಿಯುತ್ತಿರುತ್ತದೆ. ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಿಂದ ಸಣ್ಣ ರಕ್ತನಾಳಗಳಲ್ಲಿ ಇಳಿದುಬರುವ ಡೋಪಮೈನ್ ಎಂಬ ರಾಸಾಯನಿಕ ಅದನ್ನು ಹಗಲೂ ರಾತ್ರಿ ಅದುಮಿ ಹಿಡಿದಿರುತ್ತದೆ. ಡೋಪಮೈನ್ ಕೂರುವ ಡಿ2 ಎಂಬ ಗ್ರಾಹಕದ ಮೇಲೆ ಈ ಮಾತ್ರೆ ಹೋಗಿ ಕೂತರೆ ಹಿಡಿತ ಸಡಿಲ. ಡೊಂಪೆರಿಡೋನ್ ರಕ್ತಕ್ಕೂ ಮೆದುಳಿಗೂ ನಡುವಿನ ತಡೆಗೋಡೆಯನ್ನು ಅಷ್ಟಾಗಿ ದಾಟುವುದಿಲ್ಲ, ಆದ್ದರಿಂದ ತೊಂದರೆಯಿಲ್ಲ ಎನ್ನುವವರುಂಟು. ಆದರೆ ಪಿಟ್ಯುಟರಿ ಇರುವುದೇ ಆ ತಡೆಗೋಡೆಯ ಹೊರಗೆ.

ಏರಿದ ಪ್ರೊಲ್ಯಾಕ್ಟಿನ್ ಎರಡು ಕಡೆ ಕೆಲಸ ಮಾಡುತ್ತದೆ. ಎದೆಯಲ್ಲಿ ಹಾಲಿನ ಕೋಶಗಳನ್ನು ಎಬ್ಬಿಸುತ್ತದೆ. ಬಸುರಿಯಲ್ಲಿ ಪ್ರೊಲ್ಯಾಕ್ಟಿನ್ ಇದಕ್ಕಿಂತ ಹೆಚ್ಚಿದ್ದರೂ ಪ್ರೊಜೆಸ್ಟರಾನ್ ಹಾಲಿಳಿಯದಂತೆ ತಡೆದಿರುತ್ತದೆ. ನಿಮ್ಮಲ್ಲಿ ಆ ತಡೆ ಇಲ್ಲ. ಇನ್ನೊಂದು ಕಡೆ, ಹೈಪೋಥಲಾಮಸ್ ಪಿಟ್ಯುಟರಿಗೆ ಆಜ್ಞೆಯಾಗಿ ತಾಳಬದ್ಧವಾಗಿ ಬಿಡುವ ಜಿಎನ್‌ಆರ್‌ಎಚ್ ಮಂಕಾಗುತ್ತದೆ. ಅದರಿಂದ ಪಿಟ್ಯುಟರಿ ಅಂಡಾಶಯಕ್ಕೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಇಳಿದು ಅಂಡ ಬಲಿಯುವುದಿಲ್ಲ, ಈಸ್ಟ್ರೊಜೆನ್ ಕುಸಿಯುತ್ತದೆ, ಮುಟ್ಟು ನಿಲ್ಲುತ್ತದೆ. ಹಾಗಾಗಿ ಅಂಡಾಶಯ ಕೆಟ್ಟಿದೆ ಎಂದು ಹೆದರಬೇಡಿ. ಅದಕ್ಕೆ ಕರೆಯೇ ಬರುತ್ತಿಲ್ಲ.

ನನ್ನ ತಪ್ಪಿನ ಬೆಲೆ: ಮಾತ್ರೆ ನುಂಗುತ್ತಲೇ ಎರಡು ತಿಂಗಳು ಕ್ಯಾಬರ್ಗೊಲಿನ್ ತೆಗೆದುಕೊಂಡೆ. ಅದು ಕೂರುವುದೂ ಅದೇ ಡಿ2 ಮೇಲೆ. ಒಂದು ಒತ್ತುತ್ತಿದೆ, ಇನ್ನೊಂದು ಒತ್ತಲು ಬಿಡುತ್ತಿಲ್ಲ. ವಾಕರಿಕೆ ಮಾತ್ರ ನನ್ನ ಪಾಲಿಗೆ ಬಂತು, ಅಂಕಿ ಅರ್ಧಕ್ಕೂ ಇಳಿಯಲಿಲ್ಲ.

ನೀವು ಹೀಗೆ ಮಾಡಿ. ಮೊದಲು ಗರ್ಭ ಪರೀಕ್ಷೆ, ಟಿಎಸ್‌ಎಚ್, ಕ್ರಿಯಾಟಿನಿನ್ ಮಾಡಿಸಿ. ಬಸಿರು, ಥೈರಾಯ್ಡ್ ಕೊರತೆ, ಕಿಡ್ನಿ ತೊಂದರೆ ಮೂರೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಗ್ಯಾಸ್ ಮಾತ್ರೆಯಲ್ಲಿ ಲೆವೊಸಲ್ಪಿರೈಡ್ ಅಥವಾ ಡೊಂಪೆರಿಡೋನ್ ಇದ್ದರೆ ಡಾಕ್ಟರಿಗೆ ತೋರಿಸಿ ನಿಲ್ಲಿಸಿ, ಪೂರ್ತಿ ಮೂರು ದಿನ ಬಿಟ್ಟು ಮತ್ತೆ ರಕ್ತ ಕೊಡಿ. ಲ್ಯಾಬಿಗೆ ಓಡೋಡಿ ಹೋಗಿ ಕೈಚಾಚಬೇಡಿ, ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳಿ. ಗಾಬರಿಗೂ ಅಂಕಿ ಏರುತ್ತದೆ. 25ರ ಆಸುಪಾಸಿಗೆ, ಅಂದರೆ ಸಹಜ ಮಟ್ಟಕ್ಕೆ ಇಳಿದರೆ ಕಳ್ಳ ಸಿಕ್ಕಿದ ಹಾಗೆ. ನೀವು ನುಂಗುತ್ತಿರುವುದು ರಿಸ್ಪೆರಿಡೋನ್‌ನಂಥ ಮನೋರೋಗದ ಮಾತ್ರೆಯಾದರೆ ಮಾತ್ರ ಸ್ವಂತ ತೀರ್ಮಾನದಿಂದ ಒಂದು ದಿನವೂ ಬಿಡಬೇಡಿ.

ಮೂರು ದಿನದ ನಂತರವೂ ಇಳಿಯದಿದ್ದರೆ ಎಂಆರ್‌ಐ ಸರಿ. ತಲೆನೋವಿನ ಜೊತೆ ಅಕ್ಕಪಕ್ಕದ್ದು ಕಾಣದಂತಾಗಿದ್ದರೆ ಮೂರು ದಿನವೂ ಕಾಯಬೇಡಿ. 250 ದಾಟಿದರೆ ಪ್ರೊಲ್ಯಾಕ್ಟಿನ್ ಸುರಿಸುವ ಗೆಡ್ಡೆಯ ಅನುಮಾನ ಬಲವಾಗುತ್ತದೆ. ಆದರೆ 94 ಎಂದರೆ ಗೆಡ್ಡೆ ಇಲ್ಲವೇ ಇಲ್ಲ ಎಂದೂ ಅಲ್ಲ: ಬೇರೆ ಜಾತಿಯ ಗೆಡ್ಡೆ ಪಿಟ್ಯುಟರಿಯ ತೊಟ್ಟನ್ನು ಒತ್ತಿ ಡೋಪಮೈನಿನ ದಾರಿ ಕಟ್ಟಿದರೂ ಇಷ್ಟೇ ಬರಬಹುದು. ಒಂದೇ ಎದೆಯಿಂದ, ಅದೂ ರಕ್ತ ಬೆರೆತು ಬಂದರೆ ಅದು ಈ ಕಥೆಯೇ ಅಲ್ಲ, ಎದೆಯನ್ನೇ ಪರೀಕ್ಷೆ ಮಾಡಿಸಬೇಕು.

ಇನ್ನು, ಹಾಲು ನಿಂತಿತಾ ಅಂತ ದಿನಾ ಒತ್ತಿ ನೋಡುವುದನ್ನು ಬಿಡಿ. ತೊಟ್ಟಿನ ನರದಿಂದ ಮೆದುಳಿಗೆ ಹೋಗುವ ಸುದ್ದಿ ಮಗು ಚೀಪಿದಾಗ ಹೋಗುವ ಸುದ್ದಿಯೇ, ಡೋಪಮೈನ್ ಇನ್ನಷ್ಟು ತಗ್ಗುತ್ತದೆ. ರಕ್ತದಲ್ಲಿ ಅಂಕಿ ಇಳಿದ ಮೇಲೂ ಹಾಲು ಒಣಗಲು ವಾರಗಳು ಹಿಡಿಯಬಹುದು. ಮತ್ತೆ, ಮೊದಲ ಮುಟ್ಟಿಗೆ ಮುಂಚೆಯೇ ಅಂಡ ಬಿಡುಗಡೆಯಾಗಬಹುದು. ಈಗಲೇ ಮಗು ಬೇಡವಾದರೆ ಗ್ಯಾಸ್ ಮಾತ್ರೆ ನಿಲ್ಲಿಸಿದ ದಿನದಿಂದಲೇ ಎಚ್ಚರ ವಹಿಸಿ.